ಪ್ರೆಗ್ನೆನ್ಸಿಲಿ ಫ್ಲೂ ಲಸಿಕೆ: ಯಾವಾಗ ತಗೋಬೇಕು, ಆಮೇಲೆ ಏನು ನೋಡ್ಬೇಕು, ಜ್ವರ ಬಂದೇಬಿಟ್ರೆ ಏನು ಮಾಡ್ಬೇಕು

ನಾನು ಬಸುರಿಯರಿಗೆ ಇಂಜೆಕ್ಷನ್ ಕೊಡೋ ರೂಮಲ್ಲಿ ನರ್ಸ್. ಒಂದೇ ತಪ್ಪನ್ನ ಸೀಸನ್ ಸೀಸನ್‌ಗೂ ನೋಡ್ತಾನೇ ಇದೀನಿ. ಫ್ಲೂ ಇಂಜೆಕ್ಷನ್ ಬೇಡ್ವೇ ಬೇಡ ಅನ್ನೋರು ಕಮ್ಮಿ, "ತಗೋತೀನಿ, ಆದ್ರೆ ಈಗ ಬೇಡ" ಅನ್ನೋರೇ ಜಾಸ್ತಿ. ಮೊದ್ಲು ಮೂರು ತಿಂಗಳು ಕಳೀಲಿ ಅಂತಾರೆ, ಆಮೇಲೆ ಐದನೇ ತಿಂಗಳ ಸ್ಕ್ಯಾನ್ ಆಗ್ಲಿ ಅಂತಾರೆ, ಆಮೇಲೆ ಸ್ವಲ್ಪ ನೆಗಡಿ ಇದೆ ಹೋಗ್ಲಿ ಅಂತಾರೆ, ಅಷ್ಟರಲ್ಲಿ ಸೀಸನ್ ನಡೂಮಧ್ಯ ಬಂದು ಮನೇಲಿ ಯಾರೋ ಕೆಮ್ಮೋಕೆ ಶುರು ಮಾಡಿರ್ತಾರೆ. ಇನ್ನೊಂದು ತಪ್ಪು ಇದಕ್ಕೆ ಉಲ್ಟಾ: ಲಸಿಕೆ ತಗೊಂಡಿದೀನಲ್ಲ ಅಂತ ನಿಜವಾದ ಜ್ವರ ಬಂದಾಗ ಎರಡು ದಿನ ಸುಮ್ನೆ ಮಲ್ಕೊಂಡಿರೋದು. ಈ ಎರಡು ತಪ್ಪಿಗೋಸ್ಕರಾನೇ ಇದನ್ನ ಬರೀತಿರೋದು.

ಫ್ಲೂ ಅಂದ್ರೆ ನೆಗಡಿ ಅಲ್ಲ ಅನ್ನೋದನ್ನ ಮಾತ್ರ ಮೊದ್ಲೇ ಹೇಳ್ಬಿಡ್ತೀನಿ. ನೆಗಡಿ ನಿಧಾನಕ್ಕೆ ಏರುತ್ತೆ, ಫ್ಲೂ ಹಾಗಲ್ಲ, "ಮಧ್ಯಾಹ್ನ ಚೆನ್ನಾಗಿದ್ದೆ, ಸಂಜೆ ಎದ್ದು ನಿಲ್ಲೋಕಾಗ್ಲಿಲ್ಲ" ಅನ್ನೋ ಥರ ಬರುತ್ತೆ. ಹೊಟ್ಟೆ ಬೆಳೀತಾ ಬೆಳೀತಾ ಗರ್ಭಕೋಶ ಎದೆಗೂ ಹೊಟ್ಟೆಗೂ ಮಧ್ಯೆ ಇರೋ ವಪೆ ಅನ್ನೋ ಉಸಿರಾಟದ ಸ್ನಾಯುನ ಮೇಲಕ್ಕೆ ತಳ್ಳುತ್ತೆ, ಶ್ವಾಸಕೋಶಕ್ಕೆ ಹಿಗ್ಗೋಕೆ ಜಾಗ ಕಮ್ಮಿ, ಹೃದಯ ಮೊದ್ಲೇ ಎಕ್ಸ್‌ಟ್ರಾ ಡ್ಯೂಟಿ ಮಾಡ್ತಿರುತ್ತೆ, ರೋಗ ನಿರೋಧಕ ವ್ಯವಸ್ಥೇನೂ ಮಗುನ ಇಟ್ಕೊಳ್ಳೋಕೆ ಅಂತ ತನ್ನ ವರಸೆ ಬದಲಾಯಿಸಿರುತ್ತೆ. ಅದಕ್ಕೇ ಅದೇ ವೈರಸ್ ಬೇರೆಯವರಿಗೆ ನಾಲ್ಕು ದಿನದ ಜ್ವರ ಆದ್ರೆ ಬಸುರಿಗೆ ನ್ಯುಮೋನಿಯಾ ಆಗೋ ಚಾನ್ಸ್ ಜಾಸ್ತಿ. 2009ರ ಹೆಚ್1ಎನ್1 ಸಮಯದಲ್ಲಿ ಅಮೆರಿಕದಲ್ಲಿ ಜನಸಂಖ್ಯೆಯ ಸುಮಾರು 1 ಪರ್ಸೆಂಟ್ ಇದ್ದ ಬಸುರಿಯರು ಆ ಜ್ವರದಿಂದ ಸತ್ತವರಲ್ಲಿ ಸುಮಾರು 5 ಪರ್ಸೆಂಟ್ ಇದ್ರು.

## ಶುರು ಮಾಡೋಕೆ ಮುಂಚೆ ಕೈಯಲ್ಲಿ ಏನಿರ್ಬೇಕು

ಜಾಸ್ತಿ ಏನೂ ಬೇಡ. ಸರಿಯಾಗಿ ಕೆಲಸ ಮಾಡೋ ಒಂದು ಡಿಜಿಟಲ್ ಥರ್ಮಾಮೀಟರ್, ನಿಮ್ಮ ತಾಯಿ ಕಾರ್ಡ್ ಅಥವಾ ಫೈಲು, ಬೇರೇನೂ ಮಿಕ್ಸ್ ಆಗದ ಬರೀ ಪ್ಯಾರಸಿಟಮಾಲ್ ಮಾತ್ರೆ, ಮತ್ತೆ ರಾತ್ರಿ ಹೊತ್ತು ಫೋನ್ ಎತ್ತೋ ಆಸ್ಪತ್ರೆ ನಂಬರ್. ಕೈ ಇಟ್ಟು ನೋಡಿ "ಬಿಸಿ ಇದೆ" ಅನ್ನೋದು ಲೆಕ್ಕಕ್ಕಿಲ್ಲ, ಮುಂದೆ ಎಲ್ಲ ನಿರ್ಧಾರನೂ ಥರ್ಮಾಮೀಟರ್ ನಂಬರ್ ಮೇಲೇ ನಿಂತಿದೆ. ಬೆರಳಿಗೆ ಹಾಕೋ ಪಲ್ಸ್ ಆಕ್ಸಿಮೀಟರ್ ಮನೇಲಿದ್ರೆ ಒಳ್ಳೇದು, ಇಲ್ಲ ಅಂದ್ರೆ ಅದಕ್ಕೋಸ್ಕರ ಒದ್ದಾಡಬೇಡಿ.

## ಹಂತ 1: ನಿಮ್ಮ ವಾರ, ಫ್ಲೂ ಸೀಸನ್ ಎರಡನ್ನೂ ಪಕ್ಕಪಕ್ಕ ಇಟ್ಟು ದಿನ ಗೊತ್ತು ಮಾಡಿ

ಇಂಜೆಕ್ಷನ್ ರೂಪದ ಫ್ಲೂ ಲಸಿಕೆನ ಪ್ರೆಗ್ನೆನ್ಸಿಯ ಯಾವ ತಿಂಗಳಲ್ಲಾದ್ರೂ ಕೊಡಬಹುದು, ಮೊದಲ ಮೂರು ತಿಂಗಳೂ ಸೇರಿ. ಹಾಗಾಗಿ ಕೇಳ್ಬೇಕಾಗಿರೋ ಪ್ರಶ್ನೆ "ನನಗೆ ಎಷ್ಟನೇ ತಿಂಗಳು" ಅಂತ ಒಂದೇ ಅಲ್ಲ, "ನಮ್ಮ ಕಡೆ ಫ್ಲೂ ಯಾವಾಗ ಏರುತ್ತೆ" ಅನ್ನೋದೂ ಹೌದು. ಇದು ಜಾಗದಿಂದ ಜಾಗಕ್ಕೆ ಬೇರೆ, ಕೆಲವು ಕಡೆ ಚಳಿಗಾಲ, ಕೆಲವು ಕಡೆ ಮಳೆಗಾಲ, ಕೆಲವು ಕಡೆ ಎರಡರಲ್ಲೂ, ನಿಮ್ಮ ಡಾಕ್ಟರಿಗೆ ಗೊತ್ತಿರುತ್ತೆ, ಕೇಳಿ.

ಒಂದು ಲೆಕ್ಕ ಹಾಕೋಣ. ನಿಮಗೀಗ 10 ವಾರ, ಇನ್ನು ಐದು ವಾರಕ್ಕೆ ಸೀಸನ್ ಶುರು ಅಂದ್ಕೊಳ್ಳಿ, ಅಂದ್ರೆ ಆಗ ನಿಮಗೆ 15 ವಾರ. ಲಸಿಕೆ ಹಾಕಿಸ್ಕೊಂಡ ದಿನಾನೇ ರಕ್ಷಣೆ ಬರಲ್ಲ, ಸುಮಾರು ಎರಡು ವಾರ ಬೇಕು. ಇವತ್ತೇ ತಗೊಂಡ್ರೆ 12ನೇ ವಾರಕ್ಕೆ ರೆಡಿ, ಸೀಸನ್‌ಗೆ ಇನ್ನೂ ಮೂರು ವಾರ ಮುಂಚೆ. ಅದೇ 20ನೇ ವಾರದ ಸ್ಕ್ಯಾನ್ ಆದ್ಮೇಲೆ ಅಂತ ಕಾದ್ರೆ ರಕ್ಷಣೆ ಸಿಗೋದು 22ನೇ ವಾರಕ್ಕೆ, ಅಂದ್ರೆ ಸೀಸನ್‌ನ ಮೊದಲ ಏಳು ವಾರ ಬರಿಗೈ. ಕಾಯೋದ್ರಿಂದ ಏನೋ ಸೇಫ್ ಆಯ್ತು ಅನ್ಸುತ್ತೆ, ಆದ್ರೆ ಆ ಏಳು ವಾರದ ಲೆಕ್ಕ ಯಾರೂ ಹಾಕಲ್ಲ. ಮೊದಲ ತಿಂಗಳುಗಳಲ್ಲಿ ಬರೋ ಜೋರು ಜ್ವರಕ್ಕೂ ಮಗುವಿನ ಬೆನ್ನುಹುರಿ, ಮೆದುಳಿನ ಕೆಲವು ದೋಷಗಳಿಗೂ ಸಂಬಂಧ ಕಂಡಿದೆ, ಅದನ್ನೂ ತೂಕಕ್ಕೆ ಹಾಕ್ಬೇಕು ತಾನೇ.

ಹಾಗಾದ್ರೆ ಕಾಯೋದು ಯಾವಾಗ ಸರಿ? ಸೀಸನ್ ಮುಗಿದುಹೋಗಿದೆ, ಮುಂದಿನದಕ್ಕೆ ಇನ್ನೂ ತಿಂಗಳುಗಟ್ಟಲೆ ಇದೆ, ಆಗಲೂ ನೀವು ಬಸುರಿಯಾಗೇ ಇರ್ತೀರ ಅಂದ್ರೆ ಹೊಸ ಲಸಿಕೆ ಬರೋವರೆಗೆ ಕಾಯಬಹುದು. ವೈರಸ್ ವೇಷ ಬದಲಾಯಿಸ್ತಾನೇ ಇರುತ್ತೆ, ಅದಕ್ಕೆ ತಕ್ಕಂಗೆ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೆ, ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧ ಗೋಳಕ್ಕೆ, ಲಸಿಕೇಲಿ ಏನೇನಿರ್ಬೇಕು ಅಂತ ಹೇಳುತ್ತೆ. ಹೋದ ಸೀಸನ್‌ಲಿ, ಬಸುರಿಯಾಗೋಕೆ ಮುಂಚೆ ತಗೊಂಡಿದ್ದೆ ಅನ್ನೋದು ಈ ಸೀಸನ್‌ಗೆ ಲೆಕ್ಕಕ್ಕೆ ಬರಲ್ಲ. ಆದ್ರೆ ಇದೇ ಸೀಸನ್‌ಲಿ, ಪ್ರೆಗ್ನೆಂಟ್ ಅಂತ ಗೊತ್ತಾಗೋಕೆ ಎರಡು ವಾರ ಮುಂಚೆ ತಗೊಂಡಿದ್ರೆ ಇನ್ನೊಂದು ಬೇಕಿಲ್ಲ, ಗಾಬರಿಯೂ ಬೇಕಿಲ್ಲ.

ಕೊನೇ ಮೂರು ತಿಂಗಳಲ್ಲಿ ತಗೊಂಡ್ರೆ ಮಗುವಿಗೆ ಜಾಸ್ತಿ ಆಂಟಿಬಾಡಿ ಹೋಗುತ್ತಂತೆ, ಅದಕ್ಕೇ ಕಾಯ್ತೀನಿ ಅಂತ ಓದ್ಕೊಂಡಿರೋರು ಕೇಳ್ತಾರೆ. ಅದು ನಿಜಾನೇ, ಆಂಟಿಬಾಡಿ ಮಾಸು ದಾಟಿ ಮಗುವಿಗೆ ಹೋಗೋದು ಕೊನೇ ತಿಂಗಳುಗಳಲ್ಲೇ ಜಾಸ್ತಿ. ಆರು ತಿಂಗಳು ತುಂಬೋವರೆಗೆ ಮಗುವಿಗೆ ಫ್ಲೂ ಲಸಿಕೆ ಕೊಡೋ ಹಾಗೇ ಇಲ್ಲ, ಅಲ್ಲಿವರೆಗೆ ನೀವು ಕಳಿಸಿದ್ದೇ ಅದರ ಬಂಡವಾಳ. 2008ರಲ್ಲಿ ಪ್ರಕಟವಾದ ಬಾಂಗ್ಲಾದೇಶದ ಟ್ರಯಲ್‌ನಲ್ಲಿ ಬಸುರಿಯರಿಗೆ ಕೊನೇ ಮೂರು ತಿಂಗಳಲ್ಲೇ ಲಸಿಕೆ ಕೊಟ್ಟಿದ್ರು, ಅವರ ಎಳೇ ಮಕ್ಕಳಲ್ಲಿ ಲ್ಯಾಬ್‌ನಲ್ಲಿ ಖಚಿತವಾದ ಫ್ಲೂ 63 ಪರ್ಸೆಂಟ್ ಕಮ್ಮಿ ಇತ್ತು. ಆದ್ರೂ ಸೀಸನ್ ಬಾಗಿಲಲ್ಲಿ ನಿಂತಿರೋವಾಗ ನನ್ನ ಉತ್ತರ ಒಂದೇ, ಮೊದ್ಲು ಅಮ್ಮ. ಸೀಸನ್ ದೂರ ಇದ್ದು ಡೆಲಿವರಿ ಹತ್ರ ಇದ್ರೆ ಆಗ ಮಗುವಿನ ಲೆಕ್ಕ ಮುಂದೆ ಬರುತ್ತೆ.

## ಹಂತ 2: ಬೆಂಚ್ ಮೇಲೆ ಕೂರೋಕೆ ಮುಂಚೆ ಮೂರು ವಿಷಯ ಹೇಳಿ

ಹಿಂದೆ ಫ್ಲೂ ಲಸಿಕೆ ತಗೊಂಡಾಗ ಉಸಿರಾಟದ ತೊಂದ್ರೆ, ಮುಖ ಊದೋದು, ತಲೆ ತಿರುಗಿ ಬಿದ್ದಿದ್ದು, ಈ ಥರ ಜೋರು ಅಲರ್ಜಿ ಆಗಿತ್ತಾ. ಫ್ಲೂ ಲಸಿಕೆ ತಗೊಂಡ ಆರು ವಾರದೊಳಗೆ ಗಿಯಾನ್-ಬಾರೆ ಅನ್ನೋ ನರದ ಕಾಯಿಲೆ, ಅಂದ್ರೆ ಕಾಲಿಂದ ಶುರುವಾಗಿ ಮೇಲಕ್ಕೆ ಏರೋ ನಿಶ್ಶಕ್ತಿ, ಯಾವತ್ತಾದ್ರೂ ಬಂದಿತ್ತಾ. ಇವತ್ತು ಮೈ ಸುಡೋ ಜ್ವರ ಇದೆಯಾ. ಮೊದಲ ಎರಡಕ್ಕೆ ಹೌದು ಅಂದ್ರೆ ನರ್ಸ್ ಅಲ್ಲ, ಡಾಕ್ಟರೇ ಕೂತು ನಿರ್ಧರಿಸ್ಬೇಕು. ಮೂರನೇದಕ್ಕೆ ಹೌದು ಅಂದ್ರೆ ಜ್ವರ ಇಳಿದ ಮೇಲೆ ಬನ್ನಿ ಅಂತೀವಿ, ಅಷ್ಟೇ.

ಬರೀ ಮೂಗು ಸೋರ್ತಿದೆ, ಸ್ವಲ್ಪ ಕೆಮ್ಮಿದೆ ಅಂತ ಮುಂದಕ್ಕೆ ಹಾಕ್ಬೇಡಿ, ಅದು ಕಾರಣವೇ ಅಲ್ಲ. ಮೊಟ್ಟೆ ಅಲರ್ಜಿನೂ ಹಾಗೇ, ಹಿಂದೆ ತುಂಬಾ ಹೆದರಿಸ್ತಿದ್ರು, ಲಸಿಕೇಲಿರೋ ಮೊಟ್ಟೆ ಪ್ರೋಟೀನು ಎಷ್ಟು ಕಮ್ಮಿ ಅಂದ್ರೆ ಈಗಿನ ಅಮೆರಿಕದ ಮಾರ್ಗಸೂಚಿ ಅದಕ್ಕೋಸ್ಕರ ವಿಶೇಷ ಎಚ್ಚರಿಕೇನೂ ಬೇಡ ಅನ್ನುತ್ತೆ. ಹೇಳೋದು ಹೇಳಿ, ಬಿಡಬೇಡಿ.

## ಹಂತ 3: ಸಿರಿಂಜ್‌ಗೆ ತುಂಬೋಕೆ ಮುಂಚೆ ಡಬ್ಬಿ ನೋಡಿ

"ಏನೋ ಹೇಳಿದ್ರೆ ನರ್ಸ್ ಬೇಜಾರು ಮಾಡ್ಕೊಳ್ತಾರೆ" ಅಂತ ಅನ್ಕೋಬೇಡಿ, ತೋರ್ಸಿ ಸಿಸ್ಟರ್ ಅಂದ್ರೆ ತೋರಿಸ್ತೀವಿ. ನೋಡ್ಬೇಕಾಗಿರೋದು ಮುಖ್ಯವಾಗಿ ಒಂದು, ಇದು ಇಂಜೆಕ್ಷನ್ನಾ ಮೂಗಿನ ಸ್ಪ್ರೇನಾ ಅಂತ. ಇಂಜೆಕ್ಷನ್‌ಲಿ ಇರೋದು ಸತ್ತ ವೈರಸ್‌ನ ಚೂರುಗಳು, ಅದು ಮೈಯಲ್ಲಿ ಬೆಳೆಯೋಕೆ ಸಾಧ್ಯಾನೇ ಇಲ್ಲ, ಹಾಗಾಗಿ ಅದರಿಂದ ಫ್ಲೂ ಬರಲ್ಲ. ಮೂಗಿಗೆ ಹೊಡೆಯೋ ಸ್ಪ್ರೇಲಿ ಬಲ ಕುಗ್ಗಿಸಿದ ಆದ್ರೆ ಜೀವ ಇರೋ ವೈರಸ್ ಇದೆ, ಅದು ಬಸುರಿಯರಿಗೆ ಬೇಡ. ಮಕ್ಕಳಿಗೂ ದೊಡ್ಡವರಿಗೂ ಒಟ್ಟಿಗೆ ಕೊಡೋ ಕಡೆ ಇದನ್ನ ಒಂದ್ಸಲ ಬಾಯಿ ಬಿಟ್ಟು "ನಾನು ಪ್ರೆಗ್ನೆಂಟ್" ಅಂತ ಹೇಳಿದ್ರೆ ಸಾಕು, ಹೊಟ್ಟೆ ಕಾಣದ ತಿಂಗಳಲ್ಲಂತೂ ಹೇಳ್ಲೇಬೇಕು.

ಆಮೇಲೆ ಎಕ್ಸ್‌ಪೈರಿ ಡೇಟು, ಯಾವ ಸೀಸನ್‌ದು ಅನ್ನೋದು, ಮತ್ತೆ ಫ್ರಿಜ್‌ನಿಂದ ತೆಗೀತಿದಾರಾ ಅನ್ನೋದು. ಇದನ್ನ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರ್ಬೇಕು, ಹೆಪ್ಪುಗಟ್ಟಿದ್ರೆ ಕೆಲಸಕ್ಕೆ ಬರಲ್ಲ. ಡೋಸ್ ಸಾಮಾನ್ಯವಾಗಿ 0.5 ಎಂಎಲ್, ತೋಳಿನ ಮೇಲ್ಭಾಗದ ಸ್ನಾಯುಗೆ.

ಪಾದರಸದ ಪ್ರಶ್ನೆ ಇಲ್ಲೇ ಬರುತ್ತೆ. ಹತ್ತಾರು ಡೋಸ್ ಇರೋ ದೊಡ್ಡ ವಯಲ್‌ಗಳಲ್ಲಿ ಕೆಡದಿರ್ಲಿ ಅಂತ ಥಯೋಮರ್ಸಾಲ್ ಹಾಕಿರ್ತಾರೆ, ಅದರಲ್ಲಿರೋದು ಈಥೈಲ್ ಪಾದರಸ, ಮೈಯಿಂದ ಬೇಗ ಹೊರಗೆ ಹೋಗುತ್ತೆ, ಮೀನಿನಲ್ಲಿ ಶೇಖರ ಆಗೋ ಮೀಥೈಲ್ ಪಾದರಸ ಬೇರೇನೇ. ಅದರಿಂದ ಮಗುವಿಗೆ ತೊಂದ್ರೆ ಅನ್ನೋದಕ್ಕೆ ಪುರಾವೆ ಸಿಕ್ಕಿಲ್ಲ. ಆದ್ರೂ ಮನಸ್ಸು ಒಪ್ಪಲ್ಲ ಅಂದ್ರೆ ಮೊದ್ಲೇ ತುಂಬಿ ಬರೋ ಒಂದೇ ಡೋಸಿನ ಸಿರಿಂಜ್ ಕೇಳಿ, ಅದರಲ್ಲಿ ಸಾಮಾನ್ಯವಾಗಿ ಇರಲ್ಲ. ಸಿಕ್ಕಿಲ್ಲ ಅಂತ ಸೀಸನ್ ಪೂರ್ತಿ ಕಾಯೋದು ಮಾತ್ರ ಲಾಸ್ ಬಿಸಿನೆಸ್.

## ಅಬಾರ್ಷನ್ ಭಯ, ಇದನ್ನ ಬಿಡಿಸಿ ಹೇಳ್ಬೇಕು

ಮೆಲ್ಲಗೆ, ಅತ್ತೆಗೋ ಗಂಡಂಗೋ ಕೇಳಿಸದ ಹಾಗೆ ಕೇಳೋ ಪ್ರಶ್ನೆ ಇದು. ಇದು ಪೂರ್ತಿ ಗಾಳಿಸುದ್ದಿ ಅಂತ ನಾನು ತಳ್ಳಿಹಾಕಲ್ಲ, ಯಾಕಂದ್ರೆ ಇದರ ಹಿಂದೆ ಒಂದು ನಿಜವಾದ ಅಧ್ಯಯನ ಇದೆ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾಯ್ತು. 2010-11, 2011-12ರ ಎರಡು ಸೀಸನ್ ನೋಡಿದಾಗ, ಹಿಂದಿನ ವರ್ಷವೂ ಹೆಚ್1ಎನ್1 ಇರೋ ಲಸಿಕೆ ತಗೊಂಡು ಈ ವರ್ಷವೂ ತಗೊಂಡ ಹೆಂಗಸರಲ್ಲಿ ಮಾತ್ರ, ಲಸಿಕೆಯಾದ 28 ದಿನದೊಳಗೆ ಗರ್ಭಪಾತ ಜಾಸ್ತಿ ಕಂಡಿತ್ತು. ಆ ಗುಂಪು ತುಂಬಾ ಚಿಕ್ಕದು, ಅದನ್ನ ಮಾಡಿದವರೇ ಇದರಿಂದ ಲಸಿಕೇನೇ ಕಾರಣ ಅಂತ ಹೇಳೋಕಾಗಲ್ಲ ಅಂದಿದ್ರು. ಆಮೇಲೆ ಅದೇ ಪ್ರಶ್ನೆ ಇಟ್ಕೊಂಡು 2012ರಿಂದ 2015ರವರೆಗಿನ ಮೂರು ಸೀಸನ್‌ನ ಇನ್ನೂ ದೊಡ್ಡ ಅಧ್ಯಯನ ಮಾಡಿದ್ರು, 2019ರಲ್ಲಿ ಬಂತು. ಹಿಂದಿನ ವರ್ಷ ತಗೊಂಡಿದ್ರೂ ತಗೊಳ್ದೇ ಇದ್ರೂ ಗರ್ಭಪಾತಕ್ಕೆ ಸಂಬಂಧ ಕಾಣಲಿಲ್ಲ. ಮೊದಲನೇದು ಮಾತ್ರ ಇನ್ನೂ ಮೊಬೈಲಿಂದ ಮೊಬೈಲಿಗೆ ಓಡಾಡ್ತಿದೆ, ಎರಡನೇದನ್ನ ಯಾರೂ ಫಾರ್ವರ್ಡ್ ಮಾಡಲ್ಲ.

ಇನ್ನೊಂದು ಮಾತು. ಪ್ರೆಗ್ನೆಂಟ್ ಅಂತ ಗೊತ್ತಾದ ಮೇಲೂ ನೂರರಲ್ಲಿ ಹತ್ತರಿಂದ ಹದಿನೈದು ಜನಕ್ಕೆ ಗರ್ಭ ನಿಲ್ಲಲ್ಲ, ಅದರಲ್ಲಿ ಬಹುಪಾಲು ಮೊದಲ 12 ವಾರದಲ್ಲೇ, ಹೆಚ್ಚಾಗಿ ಭ್ರೂಣದ ಕ್ರೋಮೋಸೋಮ್ ದೋಷದಿಂದ. ಹಾಗಾಗಿ ಆ ವಾರಗಳಲ್ಲಿ ಲಸಿಕೆ ತಗೊಂಡ ಸಾವಿರ ಜನದಲ್ಲಿ ಕೆಲವರಿಗೆ ಮುಂದಿನ ದಿನಗಳಲ್ಲೇ ಬ್ಲೀಡಿಂಗ್ ಆಗೇ ಆಗುತ್ತೆ, ಲಸಿಕೆ ಬದಲು ನೀರು ಚುಚ್ಚಿದ್ರೂ ಆಗ್ತಿತ್ತು. ಆದ್ರೆ ಅದು ನಮ್ಮ ಮನೇಲಿ ಆದಾಗ ಇಂಜೆಕ್ಷನ್ ಡೇಟೇ ನೆನಪಾಗೋದು, ಅದು ಮನುಷ್ಯ ಸಹಜ. ಬ್ಲೀಡಿಂಗ್ ಕಂಡ್ರೆ ಕಾರಣ ಹುಡುಕ್ತಾ ಕೂರದೆ ಆಸ್ಪತ್ರೆಗೆ ಹೋಗಿ.

## ಹಂತ 4: ಮೊದಲ 15 ನಿಮಿಷ, ಆಮೇಲೆ ಮೂರು ದಿನ

ಚುಚ್ಚಿದ ತಕ್ಷಣ ಎದ್ದು ಓಡ್ಬೇಡಿ, 15 ನಿಮಿಷ ಅಲ್ಲೇ ಕೂತಿರಿ. ಜೋರು ಅಲರ್ಜಿ ಹತ್ತು ಲಕ್ಷ ಡೋಸಿಗೆ ಒಂದೆರಡು ಅಷ್ಟೇ, ಆದ್ರೆ ಬಂದ್ರೆ ಸಾಮಾನ್ಯವಾಗಿ ಬೇಗನೇ ಬರುತ್ತೆ, ಅದಕ್ಕೆ ಬೇಕಾದ ಇಂಜೆಕ್ಷನ್ ನಮ್ಮ ಟ್ರೇಲೇ ಇರುತ್ತೆ. ಬಸುರಿಯರಿಗೆ ಸುಮ್ನೇನೂ ತಲೆ ಸುತ್ತುತ್ತೆ, ಹಾಗಾಗಿ ಕೂತಿರೋದಕ್ಕೆ ಅದೂ ಒಂದು ಕಾರಣ.

ಅವತ್ತು ಸಂಜೆಯಿಂದ ತೋಳು ನೋಯುತ್ತೆ, ಮುಟ್ಟಿದ್ರೆ ಗಟ್ಟಿ ಅನ್ಸಬಹುದು, ಕೆಲವರಿಗೆ ಮೈಕೈ ನೋವು, ಸುಸ್ತು, ಸಣ್ಣ ಜ್ವರ. ಇದೆಲ್ಲ ಒಂದೆರಡು ದಿನದಲ್ಲಿ ಇಳಿಯುತ್ತೆ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ್ರೆ ಪ್ಯಾರಸಿಟಮಾಲ್ ತಗೊಳ್ಳಿ, ಸುಮ್ನೆ ಸಹಿಸ್ಕೊಂಡು ಕೂರ್ಬೇಡಿ. ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಬೇಡ, 20 ವಾರ ಆದ್ಮೇಲಂತೂ ಅದು ಮಗುವಿನ ಕಿಡ್ನಿಗೆ, ಸುತ್ತಲಿನ ನೀರಿಗೆ ತೊಂದ್ರೆ ಕೊಡಬಹುದು.

ಗುರುತು ಹಿಡಿಯೋದು ಹೇಗೆ ಅಂದ್ರೆ, ಲಸಿಕೆಯಿಂದ ಬಂದ ಜ್ವರಕ್ಕೆ ಗಂಟಲು ಕಡಿತ, ಮೂಗು ಸೋರೋದು, ಕೆಮ್ಮು ಜೊತೆಗಿರಲ್ಲ. ಐದನೇ ದಿನ ಕೆಮ್ಮು ನೆಗಡಿ ಶುರುವಾದ್ರೆ ಅದು ಬೇರೆ ಕಡೆಯಿಂದ ಹಿಡ್ಕೊಂಡಿದ್ದು, ಬಹುಶಃ ಆಸ್ಪತ್ರೆ ಕ್ಯೂಲೇ. ಮೂರನೇ ದಿನವೂ ಜ್ವರ ಇಳೀಲಿಲ್ಲ ಅಂದ್ರೆ "ಇಂಜೆಕ್ಷನ್ ಎಫೆಕ್ಟ್" ಅಂತ ಹೆಸರಿಟ್ಟು ಬಿಡ್ಬೇಡಿ, ಯೂರಿನ್ ಇನ್ಫೆಕ್ಷನ್ ಇಂದ ಹಿಡಿದು ಏನು ಬೇಕಾದ್ರೂ ಇರಬಹುದು, ತೋರಿಸಿ.

## ಹಂತ 5: ಆದ್ರೂ ಫ್ಲೂ ಬಂತು, ಈಗ 48 ಗಂಟೆ ಎಣಿಸಿ

ಲಸಿಕೆ ಪೂರ್ತಿ ಕೋಟೆ ಅಲ್ಲ. 2010ರಿಂದ 2016ರವರೆಗೆ ಹಲವು ದೇಶಗಳ ಆಸ್ಪತ್ರೆ ದಾಖಲೆ ನೋಡಿದಾಗ ಬಸುರಿಯರು ಫ್ಲೂಯಿಂದ ಅಡ್ಮಿಟ್ ಆಗೋದನ್ನ ಅದು ಸುಮಾರು 40 ಪರ್ಸೆಂಟ್ ಕಮ್ಮಿ ಮಾಡಿತ್ತು. ಅಂದ್ರೆ ತಗೊಂಡವರಲ್ಲೂ ಕೆಲವರಿಗೆ ಬರುತ್ತೆ. ಬಂದಾಗ ಮುಂದಿನ ಆಯುಧ ಒಸೆಲ್ಟಾಮಿವಿರ್ ಅನ್ನೋ ಔಷಧಿ, 75 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಐದು ದಿನ, ಬಸುರಿಯರಿಗೂ ಕೊಡ್ತಾರೆ, ಡಾಕ್ಟರ್ ಬರೆದ ಮೇಲೆ. ಲಕ್ಷಣ ಶುರುವಾದ 48 ಗಂಟೆಯೊಳಗೆ ಹಿಡಿದ್ರೆ ಚೆನ್ನಾಗಿ ಕೆಲಸ ಮಾಡುತ್ತೆ, ತಡ ಆದ್ರೂ ಜೋರಾಗಿದ್ರೆ ಕೊಡ್ತಾರೆ, ಆದ್ರೆ ಲಾಭ ಇಳೀತಾ ಹೋಗುತ್ತೆ.

ನಮ್ಮಲ್ಲಿಗೆ ಬರ್ತಿದ್ದ ಒಬ್ಬರ ಕತೆ ಹೇಳ್ತೀನಿ. ಎರಡನೇ ಬಸುರು, 14ನೇ ವಾರದಲ್ಲಿ ಲಸಿಕೆ ಆಗಿತ್ತು. 29ನೇ ವಾರ, ಶನಿವಾರ ರಾತ್ರಿ ಒಂಬತ್ತಕ್ಕೆ ಏಕ್‌ದಂ ನಡುಕ, ಜ್ವರ 101.8. ಗಂಡನಿಗೆ ಮೂರು ದಿನದಿಂದ ಕೆಮ್ಮಿತ್ತು. ಆಯಮ್ಮ ಮಾಡಿದ ಒಳ್ಳೇ ಕೆಲಸ ಅಂದ್ರೆ ಜ್ವರ ಶುರುವಾದ ಟೈಮ್ ಬರ್ಕೊಂಡು ಪ್ಯಾರಸಿಟಮಾಲ್ 650 ತಗೊಂಡು ರಾತ್ರಿನೇ ಫೋನ್ ಮಾಡಿದ್ದು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದ್ರು, ಮೂಗಿನ ರ‍್ಯಾಪಿಡ್ ಟೆಸ್ಟ್ ನೆಗೆಟಿವ್. ಗಂಡ "ಹಾಗಾದ್ರೆ ಫ್ಲೂ ಅಲ್ವಲ್ಲ, ಔಷಧಿ ಯಾಕೆ" ಅಂದ್ರು. ರ‍್ಯಾಪಿಡ್ ಟೆಸ್ಟ್ ಇರೋ ಫ್ಲೂನ ಎಷ್ಟೋ ಸಲ ಹಿಡಿಯಲ್ಲ, ಅದಕ್ಕೇ ಡಾಕ್ಟರ್ ಆರ್‌ಟಿ-ಪಿಸಿಆರ್‌ಗೆ ಸ್ಯಾಂಪಲ್ ಕಳಿಸಿ, ರಿಪೋರ್ಟ್‌ಗೆ ಕಾಯದೆ ಅಲ್ಲೇ ಮೊದಲ ಕ್ಯಾಪ್ಸೂಲ್ ಕೊಡಿಸಿದ್ರು, ಜ್ವರ ಶುರುವಾಗಿ 13 ಗಂಟೆಗೆ. ಮಾರನೇ ದಿನ ರಿಪೋರ್ಟ್ ಬಂತು, ಫ್ಲೂ ಪಾಸಿಟಿವ್ವೇ.

ಭಾನುವಾರ ರಾತ್ರಿ ಮಗು ಒದೆಯೋದು ಕಮ್ಮಿ ಅನ್ಸಿದೆ. ಬೆಳಿಗ್ಗೆವರೆಗೆ ನೋಡೋಣ ಅನ್ನದೆ ಮತ್ತೆ ಬಂದ್ರು, ಮಗುವಿನ ಹಾರ್ಟ್‌ಬೀಟ್ ಗ್ರಾಫ್ ಹಾಕಿ ನೋಡಿದ್ವಿ, ಸರಿ ಇತ್ತು, ವಾಪಸ್ ಕಳಿಸಿದ್ವಿ. ಸೋಮವಾರ ಜ್ವರ 100.8, ಮಂಗಳವಾರ ನಾರ್ಮಲ್. ಇಲ್ಲೇ ಎಷ್ಟೋ ಜನ ಮಾತ್ರೆ ನಿಲ್ಲಿಸ್ತಾರೆ, ಇವರು ನಿಲ್ಲಿಸ್ಲಿಲ್ಲ, ಗುರುವಾರ ರಾತ್ರಿಗೆ ಹತ್ತೂ ಕ್ಯಾಪ್ಸೂಲ್ ಮುಗಿಸಿದ್ರು. ವಾಂತಿ ಬರೋ ಹಾಗಾಗ್ತಿತ್ತು, ಊಟದ ಜೊತೆ ತಗೊಂಡ ಮೇಲೆ ತಡೀತು.

ಈ ಹಂತದಲ್ಲಿ ಆಗೋ ಇನ್ನೊಂದು ತಪ್ಪು, ಜ್ವರಕ್ಕೊಂದು ಪ್ಯಾರಸಿಟಮಾಲ್, ನೆಗಡಿಗೆ ಮೆಡಿಕಲ್ ಶಾಪಿನ ಬೇರೆ ಮಾತ್ರೆ. ನೆಗಡಿ ಮಾತ್ರೇಲೂ ಪ್ಯಾರಸಿಟಮಾಲ್ ಇರುತ್ತೆ, ಡಬಲ್ ಆಗುತ್ತೆ. ಎರಡು ಡೋಸ್ ಮಧ್ಯೆ ಕನಿಷ್ಠ 4ರಿಂದ 6 ಗಂಟೆ ಬಿಡಿ, ಟೈಮ್ ಬರೆದಿಡಿ, ನೆಗಡಿ ಮಾತ್ರೆ ಕೇಳದೆ ತಗೋಬೇಡಿ. ಆಂಟಿಬಯಾಟಿಕ್ ಕೂಡ ಅಷ್ಟೇ, ವೈರಸ್‌ಗೆ ಅದು ಏನೂ ಮಾಡಲ್ಲ.

ನಿಮಗೇನೂ ಇಲ್ಲ, ಮನೇಲಿ ಒಬ್ಬರಿಗೆ ಫ್ಲೂ ಖಚಿತ ಆಗಿದೆ ಅಂದ್ರೂ ಫೋನ್ ಮಾಡಿ, ತಡೆಯೋಕೆ ಅಂತ ಅದೇ ಔಷಧಿನ ದಿನಕ್ಕೆ ಒಂದು ಸಲದ ಲೆಕ್ಕದಲ್ಲಿ ಡಾಕ್ಟರ್ ಕೊಡಬಹುದು.

## ಯಾವಾಗ ಫೋನೂ ಬೇಡ, ನೇರ ಎಮರ್ಜೆನ್ಸಿಗೆ

ಒಂದು ವಾಕ್ಯ ಪೂರ್ತಿ ಹೇಳೋಕೆ ಉಸಿರು ಸಾಲ್ತಿಲ್ಲ, ಎದೆ ನೋವು ಅಥವಾ ಬಿಗಿತ, ಮಾತು ತಡವರಿಸೋದು ಅಥವಾ ಗೊಂದಲ, ಫಿಟ್ಸ್, ಪ್ಯಾರಸಿಟಮಾಲ್‌ಗೂ ಇಳಿಯದ ಜ್ವರ, ಇಡೀ ದಿನ ಮೂತ್ರ ಇಲ್ಲ, ಮಗುವಿನ ಚಲನೆ ಕಮ್ಮಿ ಅಥವಾ ಇಲ್ಲ, ಬ್ಲೀಡಿಂಗ್, ನೀರು ಹೋಗೋದು, ಹೊಟ್ಟೆ ಮತ್ತೆ ಮತ್ತೆ ಗಟ್ಟಿಯಾಗೋದು. ಆಕ್ಸಿಮೀಟರ್ ಇದ್ರೆ 95ಕ್ಕಿಂತ ಕೆಳಗೆ ಅಂದ್ರೂ ಹೊರಡಿ, ಬಸುರಿಯರಿಗೆ 92, 93 ಅನ್ನೋದು "ಪರ್ವಾಗಿಲ್ಲ" ಅಲ್ಲ.

ಮೋಸ ಮಾಡೋ ಲಕ್ಷಣ ಇನ್ನೊಂದಿದೆ. ಮೂರು ನಾಲ್ಕನೇ ದಿನ ಚೆನ್ನಾಗಿ ಆಗಿ, ಎದ್ದು ಓಡಾಡಿ, ಮತ್ತೆ ಐದಾರನೇ ದಿನ ಜ್ವರ ತಿರುಗಿ ಬಂದು ಕೆಮ್ಮು ಜೋರಾಗೋದು. ಅದು ಹಳೇ ಫ್ಲೂ ಉಳಿದಿರೋದಲ್ಲ, ಮೇಲೆ ನ್ಯುಮೋನಿಯಾ ಕೂತಿರೋ ಸೂಚನೆ ಇರಬಹುದು, ಅದೇ ದಿನ ಎದೆ ಪರೀಕ್ಷೆ ಆಗ್ಬೇಕು. ಎಕ್ಸ್‌ರೇ ಬೇಕು ಅಂದ್ರೆ ಹೆದರ್ಬೇಡಿ, ಎದೆಯ ಒಂದು ಎಕ್ಸ್‌ರೇಲಿ ಮಗುವಿಗೆ ತಲುಪೋ ವಿಕಿರಣ ಬಹಳ ಬಹಳ ಕಮ್ಮಿ.

## ಹಂತ 6: ಡೆಲಿವರಿ ಆದ್ಮೇಲೆ

ಬಸುರಲ್ಲಿ ತಪ್ಪಿಹೋಗಿದ್ರೆ ಬಾಣಂತಿಗೂ ಕೊಡ್ತೀವಿ, ಎದೆಹಾಲಿಗೆ ತೊಂದ್ರೆ ಇಲ್ಲ. ಮನೇಲಿ ಮಗು ಎತ್ಕೊಳ್ಳೋ ಎಲ್ಲರೂ ತಗೊಂಡ್ರೆ ಇನ್ನೂ ಒಳ್ಳೇದು. ಆ ಸಮಯದಲ್ಲಿ ನಿಮಗೇ ಫ್ಲೂ ಬಂದ್ರೆ ಹಾಲು ಕೊಡೋದು ನಿಲ್ಲಿಸ್ಬೇಡಿ, ವೈರಸ್ ಹರಡೋದು ಕೆಮ್ಮು ಸೀನಿನಿಂದ, ಹಾಲಿನಿಂದಲ್ಲ. ಮಾಸ್ಕ್ ಹಾಕಿ, ಕೈ ಸೋಪಲ್ಲಿ ತೊಳೆದು ಎತ್ಕೊಳ್ಳಿ.

ನೀವು ಕಳಿಸಿದ ಆಂಟಿಬಾಡಿ ಮಗುವಿನಲ್ಲಿ ತಿಂಗಳು ತಿಂಗಳಿಗೂ ಕರಗ್ತಾ ಹೋಗುತ್ತೆ. ಆರು ತಿಂಗಳು ತುಂಬಿದ ಮೇಲೆ ಮಗುವಿನದೇ ಸರದಿ, ಮೊದಲ ಸಲ ಎರಡು ಡೋಸ್, ಮಧ್ಯೆ ಕನಿಷ್ಠ ನಾಲ್ಕು ವಾರ. ಎರಡನೇ ಡೋಸಿಗೆ ಬರೋದು ಮರೆತೋರು ನಮ್ಮ ರಿಜಿಸ್ಟರ್‌ಲಿ ತುಂಬಾ ಇದಾರೆ, ಮೊದಲನೇದು ಆದ ದಿನಾನೇ ಮುಂದಿನ ಡೇಟ್ ಕಾರ್ಡ್‌ಲಿ ಬರೆಸ್ಕೊಂಡು ಹೋಗಿ.